ಬಾರ್‌ಕೋಡಿಗೆ ಗೊತ್ತಾಗದ ಸಂಗತಿ

ವಾರ್ಡಿನಲ್ಲಿ ಡಾಕ್ಟರು ಪೊಟ್ಯಾಸಿಯಂ, ಕ್ಯಾಲ್ಸಿಯಂ ಪರೀಕ್ಷೆ ಬರೆದೊಡನೆ ಕಂಪ್ಯೂಟರು ಒಂದು ಸ್ಯಾಂಪಲ್ ನಂಬರು ಕೊಡುತ್ತದೆ. ಅದೇ ಬಾರ್‌ಕೋಡ್ ಚೀಟಿಯಾಗಿ ಟ್ಯೂಬಿನ ಮೇಲೆ ಕೂರುತ್ತದೆ. ಲ್ಯಾಬಿನ ಯಂತ್ರ ಅದನ್ನು ಓದಿ, ಯಾವ ಪರೀಕ್ಷೆ ಮಾಡಬೇಕೆಂದು ಸಾಫ್ಟ್‌ವೇರಿನಿಂದ ತಿಳಿದುಕೊಳ್ಳುತ್ತದೆ.

ಒಬ್ಬ ರೋಗಿಯ ಪೊಟ್ಯಾಸಿಯಂ ಲೀಟರಿಗೆ 8.1 ಮಿಲಿಮೋಲ್ ಬಂತೆನ್ನಿ. ನಿನ್ನೆ 4.2 ಇತ್ತು. ಇಷ್ಟು ವ್ಯತ್ಯಾಸ ಕಂಡರೆ ಸಾಫ್ಟ್‌ವೇರ್ ವರದಿಯನ್ನು ತಡೆಹಿಡಿಯುತ್ತದೆ. ಟೆಕ್ನೀಷಿಯನ್ ನೋಡಿದರೆ ಕ್ಯಾಲ್ಸಿಯಂ ನಂಬಲಾಗದಷ್ಟು ಕುಸಿದಿದೆ. ಆಗ ಅನುಮಾನ ಹೋಗುವುದು ನೇರಳೆ ಮುಚ್ಚಳದ ಟ್ಯೂಬಿನ ಮೇಲೆ. ಅದರಲ್ಲಿರುವ ಇಡಿಟಿಎ ಎಂಬ ಪೊಟ್ಯಾಸಿಯಂ ಲವಣ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ; ಅದು ಈ ರಕ್ತಕ್ಕೆ ಬೆರೆತಿರಬೇಕು. ಕೂಡಲೇ ವಾರ್ಡಿಗೆ ಫೋನು, ಹೊಸ ಸ್ಯಾಂಪಲ್. 4.3 ಬಂದ ಮೇಲೆ ಲ್ಯಾಬ್ ವೈದ್ಯರ ಒಪ್ಪಿಗೆ, ವರದಿ.

ಆದರೆ ಟ್ಯೂಬಿನಲ್ಲಿರುವುದು ಯಾರ ರಕ್ತವೆಂದು ಬಾರ್‌ಕೋಡಿಗೆ ಗೊತ್ತಿಲ್ಲ. ಚೀಟಿಯನ್ನು ರೋಗಿಯ ಎದುರಿಗೇ ಅಂಟಿಸಬೇಕು. ರಕ್ತ ಕೊಡುವಾಗ ಅದರ ಮೇಲಿನ ಹೆಸರು ನಿಮ್ಮದೇ ಎಂದು ಓದಿ ನೋಡಿ.