ಕಪ್ಪು ವೈರು ಯಾವ ಕಡೆಗೆ?

ಪೀಣ್ಯದ ಒಂದು ಸಣ್ಣ ಕಾರ್ಖಾನೆ. ಕನ್ವೇಯರ್ ಪಕ್ಕದ ಪ್ರಾಕ್ಸಿಮಿಟಿ ಸೆನ್ಸರ್ ಕೆಟ್ಟಿತ್ತು. ಹೊಸದನ್ನು ತಂದು, ವೈರಿನ ಬಣ್ಣ ನೋಡಿ ಹಾಗೇ ಜೋಡಿಸಿದ್ದರು. ಕಬ್ಬಿಣದ ತುಂಡು ಹತ್ತಿರ ಬಂದರೆ ಸೆನ್ಸರಿನ ಬೆನ್ನಲ್ಲಿ ದೀಪ ಹತ್ತುತ್ತದೆ. ಪಿಎಲ್‌ಸಿಯ ಇನ್‌ಪುಟ್ ದೀಪ ಮಾತ್ರ ಮಿಸುಕುವುದಿಲ್ಲ. "ಪಿಎಲ್‌ಸಿ ಹೋಗಿದೆ ಸಾರ್" ಎಂದ ಎಲೆಕ್ಟ್ರಿಷಿಯನ್. ಹೋಗಿರಲಿಲ್ಲ. ಹಳೆಯ ಸೆನ್ಸರ್ ಪಿಎನ್‌ಪಿ, ಹೊಸದು ಎನ್‌ಪಿಎನ್.

ಎರಡರಲ್ಲೂ ಕಂದು ವೈರಿಗೆ 24 ವೋಲ್ಟ್, ನೀಲಿಗೆ ಸೊನ್ನೆ. ಸುದ್ದಿ ಮುಟ್ಟಿಸುವುದು ಕಪ್ಪು. ಲೋಹ ಕಂಡಾಗ ಪಿಎನ್‌ಪಿ ಸೆನ್ಸರ್ ತನ್ನೊಳಗೆ ಕಪ್ಪನ್ನು ಕಂದಿಗೆ ಸೇರಿಸುತ್ತದೆ, ಅಂದರೆ ಕರೆಂಟು ಕೊಡುತ್ತದೆ. ಇದು ಸೋರ್ಸಿಂಗ್. ಎನ್‌ಪಿಎನ್ ಕಪ್ಪನ್ನು ನೀಲಿಗೆ ಸೇರಿಸಿ ಕರೆಂಟನ್ನು ಒಳಗೆ ಎಳೆದುಕೊಳ್ಳುತ್ತದೆ. ಇದು ಸಿಂಕಿಂಗ್.

ಪಿಎಲ್‌ಸಿಯ ಇನ್‌ಪುಟ್ ಒಳಗಿರುವುದು ಒಂದು ಪುಟ್ಟ ಎಲ್‌ಇಡಿ. ಅದರ ಒಂದು ತುದಿ ಇನ್‌ಪುಟ್ ಟರ್ಮಿನಲ್, ಇನ್ನೊಂದು ತುದಿ ಕಾಮನ್. ಕೆಲವೇ ಮಿಲಿಆಂಪ್ ಹರಿದರೆ ಸಾಕು, ಇನ್‌ಪುಟ್ ಆನ್. ಕಾಮನ್ ಸೊನ್ನೆಗೆ ಕಟ್ಟಿದ್ದರೆ ಇನ್‌ಪುಟ್ ಕೊಳ್ಳುವವನು. ಎದುರಿಗೆ ಕೊಡುವ ಪಿಎನ್‌ಪಿ ಬೇಕು. ಕಾಮನ್ 24ಕ್ಕೆ ಕಟ್ಟಿದ್ದರೆ ಇನ್‌ಪುಟ್ಟೇ ಕೊಡುವವನು. ಆಗ ಎನ್‌ಪಿಎನ್ ಬೇಕು. ಇಬ್ಬರೂ ಕೊಳ್ಳುವವರೇ ಆದರೆ ವ್ಯಾಪಾರ ಎಲ್ಲಿಂದ?

ಇಲ್ಲಿ ಆದದ್ದೂ ಅದೇ. ಕಾಮನ್ ಸೊನ್ನೆಯಲ್ಲಿತ್ತು, ಹೊಸ ಸೆನ್ಸರೂ ಕಪ್ಪು ವೈರನ್ನು ಸೊನ್ನೆಗೇ ಎಳೆಯುತ್ತಿತ್ತು. ಸೆನ್ಸರಿನೆದುರು ಸ್ಪ್ಯಾನರ್ ಹಿಡಿದು, ಇನ್‌ಪುಟ್ ಟರ್ಮಿನಲ್ಲಿಗೂ ಕಾಮನ್‌ಗೂ ಮಲ್ಟಿಮೀಟರ್ ಇಟ್ಟೆವು: ಹೆಚ್ಚುಕಡಿಮೆ ಸೊನ್ನೆ. ಪಿಎನ್‌ಪಿ ಆಗಿದ್ದರೆ ಇಪ್ಪತ್ತೆರಡು, ಇಪ್ಪತ್ಮೂರು ವೋಲ್ಟ್ ತೋರಿಸಬೇಕಿತ್ತು.

ಕಾಮನ್ ಅನ್ನು 24ಕ್ಕೆ ಬದಲಾಯಿಸೋಣವೇ ಎಂದು ಎಲೆಕ್ಟ್ರಿಷಿಯನ್ ಕೇಳಿದ. ಬದಲಾಯಿಸಿದರೆ ಇದೊಂದು ನಡೆಯುತ್ತದೆ, ಅದೇ ಕಾಮನ್ ಹಂಚಿಕೊಂಡ ಉಳಿದ ಏಳೂ ಪಿಎನ್‌ಪಿಗಳು ಮೂಕವಾಗುತ್ತವೆ. ಎನ್‌ಪಿಎನ್‌ನ ಕಂದಿಗೂ ಕಪ್ಪಿಗೂ ನಡುವೆ 24 ವೋಲ್ಟಿನ ರಿಲೇ ಕಾಯಿಲ್ ಹಾಕಿ, ಅದರ ಕಾಂಟ್ಯಾಕ್ಟ್ ಮೂಲಕ ಇನ್‌ಪುಟ್ಟಿಗೆ 24 ವೋಲ್ಟ್ ಕೊಡಬಹುದು. ಆದರೆ ರಿಲೇ ನಿಧಾನ, ವೇಗವಾಗಿ ಎಣಿಸುವ ಕೆಲಸಕ್ಕಾಗದು. ಸೆನ್ಸರನ್ನು ಅಂಗಡಿಗೆ ಮರಳಿಸಿ ಪಿಎನ್‌ಪಿ ತಂದೆವು.

ಮ್ಯಾನ್ಯುಯಲ್ ಓದಿದವರಿಗೆ ಇನ್ನೊಂದು ತಲೆನೋವಿದೆ. ಮಿತ್ಸುಬಿಷಿಯ ಎಫ್‌ಎಕ್ಸ್ ಪಿಎಲ್‌ಸಿಗಳಲ್ಲಿ ಎನ್‌ಪಿಎನ್ ಜೋಡಣೆಗೆ 'ಸಿಂಕ್ ಇನ್‌ಪುಟ್' ಎಂಬ ಹೆಸರು. ಅದೇ ಜೋಡಣೆ ಅಲೆನ್-ಬ್ರಾಡ್ಲಿಯವರ ಬಾಯಲ್ಲಿ 'ಸೋರ್ಸಿಂಗ್ ಇನ್‌ಪುಟ್'. ಹಾಗಾಗಿ ನಾನಂತೂ ಹೆಸರು ನಂಬುವುದಿಲ್ಲ; ಕಾಮನ್ ವೈರು ಎಲ್ಲಿಗೆ ಹೋಗಿದೆ ಎಂದು ಬೆರಳಿಟ್ಟು ನೋಡುತ್ತೇನೆ.

ಆಯ್ಕೆ ನನ್ನದಾದರೆ ಪಿಎನ್‌ಪಿ. ಸೊನ್ನೆಯನ್ನು ಅರ್ಥ್ ಮಾಡಿರುವ ಯಂತ್ರದಲ್ಲಿ ಎನ್‌ಪಿಎನ್‌ನ ಕಪ್ಪು ವೈರು ಸವೆದು ಮೈಗೆ ತಗುಲಿದರೆ, ಎದುರಿಗೆ ಏನೂ ಇಲ್ಲದಿದ್ದರೂ ಪಿಎಲ್‌ಸಿ "ಬಂತು" ಎಂದುಕೊಳ್ಳುತ್ತದೆ. ಪಿಎನ್‌ಪಿಯಲ್ಲಿ ಅದೇ ಸವೆತಕ್ಕೆ ಸಿಗ್ನಲ್ ಸತ್ತು, ಯಂತ್ರ ಕಾಯುತ್ತಾ ನಿಲ್ಲುತ್ತದೆ.