ಹಡಗು ಹೋಯಿತು, ಹಣ ಬರಲಿಲ್ಲ

ಬೆಂಗಳೂರಿನ ಪೀಣ್ಯದ ಸಿದ್ಧ ಉಡುಪು ಘಟಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೂರು ತಿಂಗಳ ವಹಿವಾಟು 1 ಕೋಟಿ ರೂಪಾಯಿ. ಅದರಲ್ಲಿ 80 ಲಕ್ಷದ ಮಾಲು ವಿದೇಶಕ್ಕೆ ಹೋಗಿದೆ, ಉಳಿದದ್ದು ಇಲ್ಲೇ ಮಾರಾಟವಾಗಿದೆ. ಬಟ್ಟೆ, ದಾರ, ಗುಂಡಿ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ 5 ಲಕ್ಷ. ಎಲ್‌ಯುಟಿ ಎಂಬ ಮುಚ್ಚಳಿಕೆ ಕೊಟ್ಟು, ತೆರಿಗೆ ಕಟ್ಟದೆ ರಫ್ತು ಮಾಡಿದವರಿಗೆ ಈ 5 ಲಕ್ಷದಲ್ಲಿ ರಫ್ತಿನ ಪಾಲು ಮರಳಿ ಸಿಗಬೇಕು. ನೂರಕ್ಕೆ ಎಂಬತ್ತರ ಲೆಕ್ಕದಲ್ಲಿ 4 ಲಕ್ಷ. ಅಕೌಂಟೆಂಟ್ ಪೋರ್ಟಲ್‌ನಲ್ಲಿ RFD-01 ಅರ್ಜಿ ಹಾಕುತ್ತಾರೆ. ಎರಡು ವಾರದೊಳಗೆ ಬರುವುದು ಹಣವಲ್ಲ, RFD-03. ಅದೇ ಡಿಫಿಷಿಯೆನ್ಸಿ ಮೆಮೊ. ಕಾರಣ: ಶಿಪ್ಪಿಂಗ್ ಬಿಲ್ ವಿವರ ತಾಳೆಯಾಗುತ್ತಿಲ್ಲ.

ಎಲ್ಲಿ ತಪ್ಪಿತು?

ಅರ್ಜಿಯ ಜೊತೆ ಸ್ಟೇಟ್‌ಮೆಂಟ್ 3 ಎಂಬ ಪಟ್ಟಿ ಹೋಗುತ್ತದೆ. ಪ್ರತಿ ಇನ್‌ವಾಯ್ಸ್‌ನ ಎದುರಿಗೆ ಶಿಪ್ಪಿಂಗ್ ಬಿಲ್ ಸಂಖ್ಯೆ, ದಿನಾಂಕ, ಬಂದರಿನ ಕೋಡ್ ಮತ್ತು ಹಡಗು ಹೊರಟಿದ್ದಕ್ಕೆ ಸಾಕ್ಷಿಯಾದ ಇಜಿಎಂ ವಿವರ ಬರೆಯಬೇಕು. ಅಧಿಕಾರಿ ಇದನ್ನು ಕಸ್ಟಮ್ಸ್‌ನವರ ಐಸ್‌ಗೇಟ್ ದಾಖಲೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ನಮ್ಮ ಘಟಕದ ಮಾಲು ಹಡಗು ಹತ್ತಿದ್ದು ಚೆನ್ನೈನಲ್ಲಿ. ಹಾಗಾಗಿ ಅಕೌಂಟೆಂಟ್ ಬರೆದದ್ದು INMAA1. ಆದರೆ ಕಸ್ಟಮ್ಸ್ ತಪಾಸಣೆ ಮುಗಿದು ಶಿಪ್ಪಿಂಗ್ ಬಿಲ್ ಹುಟ್ಟಿದ್ದು ವೈಟ್‌ಫೀಲ್ಡ್‌ನ ಒಣ ಬಂದರಿನಲ್ಲಿ, ಅದರ ಕೋಡ್ INWFD6. ಕಡಲಿಲ್ಲದ ಊರಿಗೂ ಬಂದರಿನ ಕೋಡ್ ಇರುತ್ತದೆಂದು ಹೊಸಬರಿಗೆ ಹೊಳೆಯುವುದಿಲ್ಲ. ದಿನಾಂಕದಲ್ಲೂ ಇಂಥದೇ ಎಡವಟ್ಟು: ಶಿಪ್ಪಿಂಗ್ ಬಿಲ್‌ನ ದಿನಾಂಕ ಬರೆಯಬೇಕಾದಲ್ಲಿ ಕಸ್ಟಮ್ಸ್ ರಫ್ತಿಗೆ ಅನುಮತಿ ಕೊಟ್ಟ ದಿನಾಂಕ ಬರೆದುಬಿಡುತ್ತಾರೆ.

ಇವೆರಡೂ ಬರವಣಿಗೆಯ ತಪ್ಪುಗಳು. ಮೂರನೆಯದು ದುಡ್ಡಿನದು. ಗ್ರಾಹಕನಿಗೆ ಕೊಟ್ಟ ಇನ್‌ವಾಯ್ಸ್‌ನಲ್ಲಿ ಹಡಗಿನ ಬಾಡಿಗೆ, ವಿಮೆ ಸೇರಿ 80 ಲಕ್ಷವಿತ್ತು. ಅವನ್ನು ಬಿಟ್ಟ ಎಫ್‌ಒಬಿ ಮೌಲ್ಯ ಶಿಪ್ಪಿಂಗ್ ಬಿಲ್‌ನಲ್ಲಿ 75 ಲಕ್ಷ. ಎರಡರಲ್ಲಿ ಕಡಿಮೆ ಯಾವುದೋ ಅದನ್ನೇ ಹಿಡಿಯಬೇಕೆಂದು 2022ರ ಜುಲೈನಲ್ಲಿ ನಿಯಮ 89(4)ಕ್ಕೆ ವಿವರಣೆ ಸೇರಿತು. ಆಗ ಮರುಪಾವತಿ ಎಷ್ಟು? 75 ಲಕ್ಷವನ್ನು 1 ಕೋಟಿಯಿಂದ ಭಾಗಿಸಿದರೆ 3,75,000 ರೂಪಾಯಿ ಬರುತ್ತದೆ. ಇಲ್ಲಿ ಹುಷಾರಾಗಿರಬೇಕು. ರಫ್ತಿನ ಮೌಲ್ಯ ಇಳಿದರೆ ಒಟ್ಟು ವಹಿವಾಟೂ ಇಳಿಯಬೇಕು ಎಂದು 2021ರ ಮಾರ್ಚ್‌ನ ಸುತ್ತೋಲೆ ಹೇಳುತ್ತದೆ. 20 ಲಕ್ಷದ ಸ್ಥಳೀಯ ಮಾರಾಟ ಸೇರಿಸಿ 95 ಲಕ್ಷದಿಂದ ಭಾಗಿಸಿದರೆ ಸಿಗುವುದು 3,94,736 ರೂಪಾಯಿ. ಮೊದಲು ಕೇಳಿದ್ದಕ್ಕಿಂತ ಐದು ಸಾವಿರದಷ್ಟೇ ಕಡಿಮೆ. ಗಾಬರಿಯಲ್ಲಿ ಮೇಲಿನ ಅಂಕಿ ಮಾತ್ರ ತಿದ್ದಿದವರು ಸುಮಾರು ಇಪ್ಪತ್ತು ಸಾವಿರ ತಾವಾಗಿಯೇ ಬಿಟ್ಟುಕೊಟ್ಟಂತೆ.

ಮೆಮೊ ಬಂದ ಕೂಡಲೇ ಹಲವರು ವಿವರಣೆಯ ಪತ್ರ ಬರೆಯಲು ಕೂರುತ್ತಾರೆ. ಅದರಿಂದ ಪ್ರಯೋಜನವಿಲ್ಲ, ಆ ಅರ್ಜಿಯ ಆಯುಸ್ಸು ಅಲ್ಲಿಗೇ ಮುಗಿಯಿತು. ಕಡಿತವಾಗಿದ್ದ 4 ಲಕ್ಷದ ಕ್ರೆಡಿಟ್ ಲೆಡ್ಜರ್‌ಗೆ ತಾನಾಗಿಯೇ ಮರಳುತ್ತದೆ, ಹೊಸ RFD-01 ಹಾಕಬೇಕು. ಅದಕ್ಕೂ ಮುಂಚೆ ತಪ್ಪಿನ ಮನೆ ಪತ್ತೆಯಾಗಬೇಕು. ಸ್ಟೇಟ್‌ಮೆಂಟ್‌ನಲ್ಲಿ ಮಾತ್ರ ತಪ್ಪಿದ್ದರೆ ಹೊಸ ಅರ್ಜಿಯಲ್ಲೇ ಸರಿಪಡಿಸಬಹುದು. GSTR-1 ರಿಟರ್ನ್‌ನಲ್ಲಿದ್ದರೆ ಮುಂದಿನ ರಿಟರ್ನ್‌ನ 9A ಕೋಷ್ಟಕದಲ್ಲಿ ತಿದ್ದುಪಡಿ ಮಾಡಬೇಕು. ಶಿಪ್ಪಿಂಗ್ ಬಿಲ್ಲೇ ತಪ್ಪಾಗಿದ್ದರೆ ಕಸ್ಟಮ್ಸ್ ಕಚೇರಿಗೆ ಅಲೆಯದೆ ಗತ್ಯಂತರವಿಲ್ಲ, ಇದಕ್ಕೇ ಹೆಚ್ಚು ದಿನ ಹಿಡಿಯುತ್ತದೆ.

ದಿನಗಳಿಗೆ ಲೆಕ್ಕವಿದೆ. ಹಡಗು ಭಾರತ ಬಿಟ್ಟ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಮೊದಲು ಮೆಮೊಗೆ ಕಾದ ದಿನಗಳೂ ಇದರಲ್ಲೇ ಕಳೆದುಹೋಗುತ್ತಿದ್ದವು. 2021ರ ಮೇ 18ರ ತಿದ್ದುಪಡಿಯ ನಂತರ, ಅರ್ಜಿ ಹಾಕಿದ ದಿನದಿಂದ ಮೆಮೊ ಬಂದ ದಿನದವರೆಗಿನ ಅವಧಿ ಬಿಟ್ಟು ಎಣಿಸುತ್ತಾರೆ. ಮೆಮೊ ಕೈಗೆ ಬಂದ ಮೇಲೆ ಸುಮ್ಮನೆ ಕೂತ ದಿನಗಳಿಗೆ ಈ ರಿಯಾಯಿತಿಯಿಲ್ಲ.

ಇಲಾಖೆಗೂ ಗಡುವಿದೆ. ಮೆಮೊ ಕೊಡಲು ಅಧಿಕಾರಿಗಿರುವುದು 15 ದಿನ. ಜಿಯಾನ್ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ 2020ರ ಜುಲೈನಲ್ಲಿ ದೆಹಲಿ ಹೈಕೋರ್ಟ್, ಆ ಗಡುವು ಮೀರಿದ ಮೇಲೆ ಅರ್ಜಿಯಲ್ಲಿ ಕೊರತೆ ಹುಡುಕುವಂತಿಲ್ಲವೆಂದು ಹೇಳಿ, ಬಡ್ಡಿ ಸಮೇತ ಹಣ ಮರಳಿಸಲು ಆದೇಶಿಸಿತು. ಇನ್ನೊಂದು ಮಾತು: ಮೆಮೊ ಇರುವುದು ಅಪೂರ್ಣ ಅರ್ಜಿಗೆ. ಕೇಳಿದ ಮೊತ್ತದ ಬಗ್ಗೆಯೇ ತಕರಾರಿದ್ದರೆ ಅದಕ್ಕೆ RFD-08 ಎಂಬ ನೋಟಿಸ್ ಇದೆ, ಅದಕ್ಕೆ ಉತ್ತರ ಕೊಡುವ ಹಕ್ಕೂ ಇದೆ. ಮೌಲ್ಯದ ವ್ಯತ್ಯಾಸಕ್ಕೂ ಮೆಮೊ ಕಳಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ರಫ್ತುದಾರರು ಅರ್ಜಿ ಸಲ್ಲಿಸುವ ಮುನ್ನ ಐಸ್‌ಗೇಟ್‌ನಲ್ಲಿ ಶಿಪ್ಪಿಂಗ್ ಬಿಲ್ ತೆರೆದು, ಕೋಡ್, ಸಂಖ್ಯೆ, ದಿನಾಂಕಗಳನ್ನು ಅಲ್ಲಿಂದಲೇ ಇಳಿಸಿಕೊಳ್ಳಲಿ. ಸಿಎಚ್‌ಎ ಕಳಿಸಿದ ವಾಟ್ಸಾಪ್ ಫೋಟೊ ನೋಡಿ ಬರೆಯುವುದು ಬೇಡ.