ಕೆಲಸ ಬಿಡುವಾಗಿನ ಲೆಕ್ಕಪತ್ರ: ನಿವ್ವಳದ ಹಿಂದೆ ಏನಿರಬೇಕು?

ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರ ಖರೀದಿ ವಿಭಾಗದ ಉದ್ಯೋಗಿಯೊಬ್ಬರನ್ನು ಊಹಿಸಿಕೊಳ್ಳಿ. ಅವರು 2020ರ ಜುಲೈ 1ರಂದು ಸೇರಿದವರು. ತಿಂಗಳ ಒಟ್ಟು ಸಂಬಳ 60,000 ರೂಪಾಯಿ, ಅದರಲ್ಲಿ ಬೇಸಿಕ್ 32,500. ಬೇರೆ ಕಡೆ ಕೆಲಸ ಸಿಕ್ಕಿತೆಂದು 2026ರ ಜನವರಿ 19ರಂದು ರಾಜೀನಾಮೆ ಕೊಟ್ಟರು, ಫೆಬ್ರವರಿ 18ಕ್ಕೆ ಹೊರಬಂದರು. ಕರಾರಿನಂತೆ 60 ದಿನಗಳ ನೋಟಿಸ್ ಪೂರೈಸಬೇಕಿತ್ತು, ಪೂರೈಸಿದ್ದು 30 ದಿನ ಮಾತ್ರ. ಆಮೇಲೆ ಕಂಪನಿಯಿಂದ ಫೈನಲ್ ಸೆಟಲ್‌ಮೆಂಟ್ ಪತ್ರ ಬಂತು. ಅದರಲ್ಲಿ ಮೂರೇ ಅಂಕಿ: ಸಲ್ಲಬೇಕಾದದ್ದು 1,73,411, ಕಡಿತ 89,100, ನಿವ್ವಳ 84,311. ಕೆಳಗೆ, ಒಪ್ಪಿ ಸಹಿ ಮಾಡಿ ಕಳುಹಿಸಿ ಎಂಬ ಸೂಚನೆ.

ಕೂಡಿ ಕಳೆದರೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಈ ಪತ್ರ ನ್ಯಾಯವಾದದ್ದೋ ಅಲ್ಲವೋ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಕ್ಯಾಲ್ಕ್ಯುಲೇಟರ್ ಹಿಡಿದು ಕೂತ ಉದ್ಯೋಗಿ ತಾನೇ ಮತ್ತೊಮ್ಮೆ ಲೆಕ್ಕ ಹಾಕಿ ಅದೇ ಮೊತ್ತಕ್ಕೆ ತಲುಪುವಂತಿದ್ದರೆ ಮಾತ್ರ ಅದು ಲೆಕ್ಕಪತ್ರ ಎಂದು ನಾನು ಭಾವಿಸುತ್ತೇನೆ. ಅದಕ್ಕೆ ಪ್ರತಿ ಸಾಲಿನಲ್ಲೂ ನಾಲ್ಕು ವಿಷಯ ಕಾಣಬೇಕು: ಎಷ್ಟು ದಿನಕ್ಕೆ, ಯಾವ ಸಂಬಳದ ಮೇಲೆ, ಎಷ್ಟರಿಂದ ಭಾಗಿಸಿ, ಯಾವ ನಿಯಮ ಅಥವಾ ಕಲಮಿನ ಪ್ರಕಾರ.

ಮೊದಲು ಕೊಡಬೇಕಾದ ಹಣವನ್ನು ನೋಡೋಣ. ಫೆಬ್ರವರಿಯ 18 ದಿನಗಳ ಸಂಬಳ ಎಷ್ಟು? ತಿಂಗಳ 28 ದಿನಗಳಿಂದ ಭಾಗಿಸಿದರೆ 38,571 ರೂಪಾಯಿ, 30ರಿಂದ ಭಾಗಿಸಿದರೆ 36,000. ಈ ಕಂಪನಿ ಪ್ರತಿ ತಿಂಗಳೂ ಕ್ಯಾಲೆಂಡರ್ ದಿನಗಳಿಂದಲೇ ಭಾಗಿಸುತ್ತಿದ್ದುದರಿಂದ ಕೊನೆಯ ತಿಂಗಳಿಗೂ 28ರ ಲೆಕ್ಕವೇ ಆಗಬೇಕು. ಉಳಿದ ರಜೆ 18 ದಿನ. ಅದನ್ನು ಬೇಸಿಕ್‌ನ ಮೇಲೆ 30ರಿಂದ ಭಾಗಿಸಿದರೆ 19,500, 26ರಿಂದ ಭಾಗಿಸಿದರೆ 22,500. ಇಲ್ಲಿನ ರಜೆ ನೀತಿಯಲ್ಲಿ 30 ಎಂದೇ ಬರೆದಿದೆ, ಹಾಗಾಗಿ 19,500. ಜೊತೆಗೆ ಬಿಲ್ ಕೊಟ್ಟಿದ್ದ ಪ್ರಯಾಣ ವೆಚ್ಚ 2,840. ಇದು ಸಂಬಳವಲ್ಲ, ಕೈಯಿಂದ ಹಾಕಿದ ಹಣದ ಮರುಪಾವತಿ. ಆದ್ದರಿಂದ ಅದನ್ನು ಸಂಬಳದ ಜೊತೆ ಬೆರೆಸದೆ ಬೇರೆ ಸಾಲಿನಲ್ಲಿ ತೋರಿಸಬೇಕು. ಈ ಮೂರೂ ಸೇರಿ 60,911 ರೂಪಾಯಿ.

ಇನ್ನು ಗ್ರಾಚ್ಯುಟಿ. ಐದು ವರ್ಷ ಏಳು ತಿಂಗಳು ದಾಟಿದ ಸೇವೆ ಇದು. ಆರು ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಎಣಿಸುವುದು ಕಾನೂನು, ಆದ್ದರಿಂದ ಆರು ವರ್ಷ. ವರ್ಷಕ್ಕೆ 15 ದಿನಗಳ ವೇತನ. ಇಲ್ಲಿ ಭಾಜಕ 26 ಎಂಬುದನ್ನು ಕಾನೂನೇ ನಿಗದಿ ಮಾಡಿದೆ, ಕಂಪನಿಗೆ ಆಯ್ಕೆ ಇಲ್ಲ. 32,500ನ್ನು 26ರಿಂದ ಭಾಗಿಸಿದರೆ 1,250. ಅದನ್ನು 15ರಿಂದ ಗುಣಿಸಿದರೆ 18,750, ಆರು ವರ್ಷಕ್ಕೆ 1,12,500. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇಲ್ಲಿ ಒಂದು ಮುಖ್ಯ ಬದಲಾವಣೆ ತಂದಿವೆ. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನೂ ವೇತನವೆಂದೇ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಉದ್ಯೋಗಿಯ ಬೇಸಿಕ್ ಅರ್ಧಕ್ಕಿಂತ ಹೆಚ್ಚೇ ಇರುವುದರಿಂದ ಅವರ ಲೆಕ್ಕ ಬದಲಾಗದು. ಆದರೆ ಬೇಸಿಕ್ ತೀರಾ ಕಡಿಮೆ ಇಟ್ಟು ಉಳಿದದ್ದನ್ನೆಲ್ಲ ಭತ್ಯೆಯೆಂದು ಕೊಡುತ್ತಿದ್ದ ಕಡೆ ಕೆಲಸ ಬಿಡುವವರು ಈ ಸಾಲನ್ನು ಎರಡು ಸಲ ನೋಡಬೇಕು.

ಕಡಿತಕ್ಕೆ ಬರೋಣ. ಕಂಪನಿ ಒಂದೇ ಹೆಸರಿನಡಿ ತೋರಿಸಿದ 89,100ರಲ್ಲಿ ಎರಡು ಬೇರೆ ಜಾತಿಯ ಹಣ ಸೇರಿಕೊಂಡಿದೆ. ಪಿಎಫ್, ವೃತ್ತಿ ತೆರಿಗೆ, ಆದಾಯ ತೆರಿಗೆ ಇವೆಲ್ಲ ಕಾನೂನಿನಂತೆ ಹಿಡಿದು ಸರ್ಕಾರಕ್ಕೋ ನಿಧಿಗೋ ಕಟ್ಟುವಂಥವು. ನೋಟಿಸ್ ಕೊರತೆ, ಅಡ್ವಾನ್ಸ್ ಬಾಕಿ, ವಸ್ತುವಿನ ಹಾನಿ ಇವು ಕಂಪನಿ ತನ್ನ ಕಿಸೆಗೆ ಹಾಕಿಕೊಳ್ಳುವಂಥವು. ಮೊದಲನೆಯವು ಕಡಿತ, ಎರಡನೆಯವು ವಸೂಲಿ. ಕಡಿತದಲ್ಲಿ ಕಂಪನಿ ಬರೀ ಮಧ್ಯವರ್ತಿ. ವಸೂಲಿಯಲ್ಲಿ ಅದು ಹಕ್ಕು ಸಾಧಿಸುವ ಪಕ್ಷಗಾರ, ಆದ್ದರಿಂದ ಹಕ್ಕಿಗೆ ಆಧಾರ ತೋರಿಸುವ ಹೊಣೆಯೂ ಅದರದೇ. ಎರಡನ್ನೂ ಒಂದೇ ಮೊತ್ತದಲ್ಲಿ ಕಲಸಿದರೆ ಈ ಹೊಣೆ ಕಣ್ಣಿಗೆ ಬೀಳುವುದೇ ಇಲ್ಲ.

ಇಲ್ಲಿ ಕಡಿತ ಸಣ್ಣದು. ಪಿಎಫ್ ಅನ್ನು 15,000ದ ಮಿತಿಗೆ ಕಟ್ಟುವ ಕಂಪನಿಯಾದ್ದರಿಂದ ಶೇಕಡ 12ರಂತೆ 1,800. ರಜೆಯ ನಗದೀಕರಣದ ಮೇಲೆ ಪಿಎಫ್ ಹಿಡಿಯುವಂತಿಲ್ಲ. 2008ರಲ್ಲಿ ಮಣಿಪಾಲ ಉನ್ನತ ಶಿಕ್ಷಣ ಅಕಾಡೆಮಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಕರ್ನಾಟಕದ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ ಮಾತ್ರ 300, ಹಾಗಾಗಿ ಇಲ್ಲಿ 300. ಟಿಡಿಎಸ್ ಸೊನ್ನೆ, ಏಕೆಂದರೆ ಹೊಸ ಪದ್ಧತಿಯಲ್ಲಿ ಅವರ ವರ್ಷದ ಸಂಬಳ ತೆರಿಗೆ ಬೀಳುವ ಮಟ್ಟವನ್ನು ಮುಟ್ಟುವುದೇ ಇಲ್ಲ. ಕಾನೂನುಬದ್ಧ ಗ್ರಾಚ್ಯುಟಿಗೆ 20 ಲಕ್ಷದವರೆಗೆ ವಿನಾಯಿತಿ ಇದೆ. ಕೆಲಸ ಬಿಡುವಾಗ ಸಿಗುವ ರಜೆ ಹಣಕ್ಕೆ ಖಾಸಗಿ ನೌಕರರಿಗೆ 2023ರಿಂದ ಮಿತಿ 25 ಲಕ್ಷ. ಸೆಟಲ್‌ಮೆಂಟ್ ಎಂದ ಮಾತ್ರಕ್ಕೆ ಸಾರಾಸಗಟು ಶೇಕಡ 10 ಹಿಡಿಯುವುದು ಸರಿಯಲ್ಲ. ಇಡೀ ವರ್ಷದ ಅಂದಾಜು ಆದಾಯ ಲೆಕ್ಕ ಹಾಕಿಯೇ ಟಿಡಿಎಸ್ ಹಿಡಿಯಬೇಕು. ಒಟ್ಟು ಕಡಿತ 2,100.

ಹಾಗಾದರೆ ಮಿಕ್ಕ 87,000 ಎಲ್ಲಿಂದ ಬಂತು? ಉದ್ಯೋಗಿ ಕೇಳಿದ ಮೇಲೆ ಎಚ್‌ಆರ್ ವಿಭಾಗ ಬಿಡಿಸಿ ಹೇಳಿತು ಎಂದುಕೊಳ್ಳಿ: ನೋಟಿಸ್ ಕೊರತೆ 60,000, ದೀಪಾವಳಿ ಅಡ್ವಾನ್ಸ್ ಬಾಕಿ 15,000, ಲ್ಯಾಪ್‌ಟಾಪ್ ಹಾನಿ 12,000.

ಅಡ್ವಾನ್ಸ್‌ನಲ್ಲಿ ತಕರಾರಿಲ್ಲ. ಪಡೆದ 30,000ದಲ್ಲಿ ಮೂರು ಕಂತು ತೀರಿದೆ, ಪ್ರತಿ ತಿಂಗಳ ಪೇ ಸ್ಲಿಪ್‌ನಲ್ಲಿ 5,000 ಕಾಣುತ್ತದೆ. ಪತ್ರದಲ್ಲಿ ಪಡೆದದ್ದು, ತೀರಿದ್ದು, ಉಳಿದದ್ದು ಮೂರನ್ನೂ ಬರೆದರೆ ಮಾತು ಮುಗಿಯಿತು.

ನೋಟಿಸ್ ಕೊರತೆಯಲ್ಲೇ ದೊಡ್ಡ ಎಡವಟ್ಟು. ಹೆಚ್ಚಿನ ಜಗಳಗಳು ಹುಟ್ಟುವುದೂ ಇಲ್ಲೇ. ಕಂಪನಿ 30 ದಿನಗಳನ್ನು ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಿದೆ. ನೇಮಕಾತಿ ಪತ್ರ ತೆಗೆದು ನೋಡಿದರೆ, ನೋಟಿಸ್ ಬದಲಿಗೆ ಬೇಸಿಕ್ ವೇತನ ಎಂದಿದೆ. ಅಂದರೆ ಸಲ್ಲುವುದು 32,500 ಮಾತ್ರ. ರಜೆಗೆ ಹಣ ಕೊಡುವಾಗ ಬೇಸಿಕ್, ನೋಟಿಸ್‌ಗೆ ಹಣ ಕೀಳುವಾಗ ಒಟ್ಟು ಸಂಬಳ ಎಂಬ ಈ ಎರಡಳತೆ ಎಷ್ಟೋ ಪತ್ರಗಳಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಕರಾರಿನಲ್ಲೇ ಒಟ್ಟು ಸಂಬಳ ಎಂದಿದ್ದರೆ ಮಾತು ಬೇರೆ, ಆಗ ಆ ಕಲಮಿನ ಸಂಖ್ಯೆಯನ್ನು ಸಾಲಿನಲ್ಲಿ ಬರೆಯಲಿ. ಸರಿಯಾದ ಸಾಲು ಹೀಗಿರುತ್ತದೆ: "ನೋಟಿಸ್ ಕೊರತೆ: ಪೂರೈಸಬೇಕಿದ್ದದ್ದು 60 ದಿನ, ಪೂರೈಸಿದ್ದು 30 (ಜನವರಿ 20ರಿಂದ ಫೆಬ್ರವರಿ 18), ಕೊರತೆ 30; ಬೇಸಿಕ್ 32,500 ÷ 30 × 30 = 32,500." ಈ ಮೊತ್ತದ ಮೇಲೆ ಶೇಕಡ 18 ಜಿಎಸ್‌ಟಿ ಸೇರಿಸಿದ್ದರೆ ಅದನ್ನೂ ಪ್ರಶ್ನಿಸಬೇಕು. ನೋಟಿಸ್ ವಸೂಲಿ ಯಾವುದೇ ಸೇವೆಯ ಬೆಲೆಯಲ್ಲ, ಅದಕ್ಕೆ ಜಿಎಸ್‌ಟಿ ಇಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ.

ಲ್ಯಾಪ್‌ಟಾಪ್‌ನ 12,000ಕ್ಕೆ ಬಿಲ್ಲೂ ಇಲ್ಲ, ವರದಿಯೂ ಇಲ್ಲ. ಕೇಳಿದಾಗ ತಿಳಿದದ್ದು, ಕಳೆದದ್ದು ಚಾರ್ಜರ್ ಒಂದೇ, ಹೊಸದರ ಬೆಲೆ 2,000. ಹಾನಿಗೆ ಸಂಬಳದಲ್ಲಿ ಹಿಡಿಯುವ ಮುನ್ನ ಉದ್ಯೋಗಿಗೆ ಕಾರಣ ಹೇಳಲು ಅವಕಾಶ ಕೊಡಬೇಕು, ಹಿಡಿಯುವ ಮೊತ್ತ ನಿಜವಾದ ನಷ್ಟವನ್ನು ಮೀರಬಾರದು ಎಂಬುದು ವೇತನ ಕಾನೂನಿನ ಹಳೆಯ ನಿಯಮ. ಹೊಸ ವೇತನ ಸಂಹಿತೆಯಲ್ಲೂ ಅದು ಉಳಿದಿದೆ. ಹಾಗಾಗಿ ಈ ಸಾಲಿನಲ್ಲಿ ವಸ್ತುವಿನ ಹೆಸರು, ಹಿಂದಿರುಗಿಸಿದ ದಿನ, ಏನು ಕೆಟ್ಟಿತ್ತು, ಬಿಲ್ಲಿನ ಮೊತ್ತ ಎಲ್ಲವೂ ಬರಬೇಕು. ಬಳಸಿ ಹಳತಾದ ವಸ್ತುವಿಗೆ ಹೊಸದರ ಬೆಲೆ ಕೇಳುವುದೂ ನನಗೆ ಸರಿ ಕಾಣುವುದಿಲ್ಲ. ಚಾರ್ಜರ್‌ನಂಥ ಸಣ್ಣ ವಸ್ತುವಿಗೆ ಅದನ್ನು ಎಳೆದಾಡಬೇಕಿಲ್ಲ, ಆದರೆ ನಾಲ್ಕು ವರ್ಷ ಬಳಸಿದ ಲ್ಯಾಪ್‌ಟಾಪ್‌ಗೆ ಖಂಡಿತ ಕೇಳಬೇಕು.

ತಿದ್ದಿದ ವಸೂಲಿ ಮೂರೂ ಸೇರಿ 49,500. ಸಂಬಳ, ರಜೆ, ಪ್ರಯಾಣ ವೆಚ್ಚದ 60,911ರಲ್ಲಿ ಕಡಿತ 2,100 ಮತ್ತು ಈ 49,500 ಕಳೆದರೆ 9,311 ಉಳಿಯುತ್ತದೆ. ಅದಕ್ಕೆ ಗ್ರಾಚ್ಯುಟಿ ಸೇರಿ ಕೈಗೆ ಬರುವುದು 1,21,811. ಮೊದಲ ಪತ್ರಕ್ಕಿಂತ 37,500 ಹೆಚ್ಚು.

ಮೊದಲ ಪತ್ರದಲ್ಲಿ ಇನ್ನೊಂದು ತಪ್ಪೂ ಅಡಗಿತ್ತು, ನನ್ನ ಮಟ್ಟಿಗೆ ಅದೇ ಹೆಚ್ಚು ಗಂಭೀರ. ಅಲ್ಲಿ ಸಂಬಳ, ರಜೆ, ಪ್ರಯಾಣ ವೆಚ್ಚದ ಹಣ 60,911 ಇದ್ದರೆ ಕಡಿತ, ವಸೂಲಿ 89,100. ಕಡಿಮೆ ಬಿದ್ದ 28,189 ರೂಪಾಯಿಯನ್ನು ಗ್ರಾಚ್ಯುಟಿಯಿಂದ ಮುರಿದುಕೊಳ್ಳಲಾಗಿದೆ. ಹಾಗೆ ಮಾಡುವಂತಿಲ್ಲ. ಉದ್ಯೋಗಿಯ ಬೇಜವಾಬ್ದಾರಿಯಿಂದ ಹಾನಿಯಾಗಿ ಅದೇ ಕಾರಣಕ್ಕೆ ಅವರನ್ನು ಕೆಲಸದಿಂದ ತೆಗೆದಾಗ, ಅಥವಾ ಹಿಂಸೆ, ನೈತಿಕ ಅಧಃಪತನದಂಥ ಕೃತ್ಯಕ್ಕಾಗಿ ತೆಗೆದಾಗ ಮಾತ್ರ ಗ್ರಾಚ್ಯುಟಿಯನ್ನು ಮುಟ್ಟಲು ಕಾನೂನು ಬಿಡುತ್ತದೆ. ತಾವಾಗಿ ರಾಜೀನಾಮೆ ಕೊಟ್ಟವರ ನೋಟಿಸ್ ಬಾಕಿ ಆ ಪಟ್ಟಿಯಲ್ಲಿಲ್ಲ. ಸಂಬಳದಲ್ಲಿ ಹಿಡಿಯಲಾಗದೆ ಉಳಿದ ಬಾಕಿಯನ್ನು ಕಂಪನಿ ಬೇರೆಯಾಗಿಯೇ ಕೇಳಬೇಕು. ಆದ್ದರಿಂದ ಗ್ರಾಚ್ಯುಟಿಯನ್ನು ಉಳಿದ ಲೆಕ್ಕದ ಕೆಳಗೆ, ತನ್ನದೇ ಉಪಮೊತ್ತದೊಂದಿಗೆ ತೋರಿಸಬೇಕು. ಒಂದೇ ಪಟ್ಟಿಗೆ ಸೇರಿಸಿದರೆ ಅದು ಕರಗಿದ್ದು ಗೊತ್ತೇ ಆಗುವುದಿಲ್ಲ.

ಬೇರೆಯಾಗಿಡಲು ಇನ್ನೊಂದು ಕಾರಣ ಗಡುವು. ರಾಜೀನಾಮೆ ಕೊಟ್ಟವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಬುಧವಾರ, ಫೆಬ್ರವರಿ 18ಕ್ಕೆ ಬಿಟ್ಟವರಿಗೆ ಅದು ಶುಕ್ರವಾರ, 20ರ ಒಳಗೆ ಸಲ್ಲಬೇಕು. ಗ್ರಾಚ್ಯುಟಿಗೆ 30 ದಿನಗಳ ಅವಕಾಶ, ಅಂದರೆ ಮಾರ್ಚ್ 20. ತಡವಾದರೆ ಸರಳ ಬಡ್ಡಿ ಸೇರಿಸಿ ಕೊಡಬೇಕು. ಎಲ್ಲಕ್ಕೂ 45 ದಿನ ಎಂಬ ಹಳೆಯ ರೂಢಿಯ ವಾಕ್ಯ ಇನ್ನೂ ಕೆಲವು ಪತ್ರಗಳಲ್ಲಿದೆ. ಅದನ್ನು ತೆಗೆದು ಪ್ರತಿ ಮೊತ್ತದ ಎದುರು ಪಾವತಿಯ ದಿನಾಂಕ ಬರೆಯಬೇಕು.

ಪಿಎಫ್ ಖಾತೆಯಲ್ಲಿ ಕೂಡಿರುವ ಹಣ ಈ ಪತ್ರದ ಯಾವ ಸಾಲಿನಲ್ಲೂ ಬರುವುದಿಲ್ಲ, ಅದು ಭವಿಷ್ಯ ನಿಧಿ ಸಂಸ್ಥೆಯ ಬಳಿ ಇರುತ್ತದೆ. ಕಂಪನಿ ಮಾಡಬೇಕಾದದ್ದು ಆ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಿಸುವುದು, ಅದಾಗಿದೆಯೆಂದು ಪತ್ರದಲ್ಲಿ ಹೇಳುವುದು.

ಕೊನೆಗೆ ಸಹಿ. ಇನ್ನು ಮುಂದೆ ನನಗೆ ಯಾವ ಹಕ್ಕೂ ಇಲ್ಲ ಎಂಬ ವಾಕ್ಯ ಬಹುತೇಕ ಪತ್ರಗಳ ಅಡಿಯಲ್ಲಿರುತ್ತದೆ. ಲೆಕ್ಕ ಒಪ್ಪಿಗೆಯಾಗದಿದ್ದರೆ ಹಣ ಬೇಡವೆಂದು ಕೂರಬೇಕಿಲ್ಲ. ಯಾವ ಸಾಲು, ಎಷ್ಟು ಮೊತ್ತ, ಏಕೆ ಎಂದು ಮೇಲ್‌ನಲ್ಲಿ ಬರೆದು, ಸಹಿಯ ಮೇಲೆ "ನೋಟಿಸ್ ಮತ್ತು ಲ್ಯಾಪ್‌ಟಾಪ್ ವಸೂಲಿಗೆ ನನ್ನ ಆಕ್ಷೇಪಣೆ ಕಾಯ್ದಿರಿಸಿ ಸ್ವೀಕರಿಸಿದ್ದೇನೆ" ಎಂದು ಸೇರಿಸಿ ಹಣ ಪಡೆಯಬಹುದು. ನೇಮಕಾತಿ ಪತ್ರ, ಕೊನೆಯ ಮೂರು ಪೇ ಸ್ಲಿಪ್, ರಜೆ ಬಾಕಿಯ ಪುಟ, ವಸ್ತುಗಳನ್ನು ಒಪ್ಪಿಸಿದ ರಸೀದಿ ಇವನ್ನು ಕಂಪನಿಯ ಮೇಲ್ ಖಾತೆ ಮುಚ್ಚುವ ಮುನ್ನವೇ ಪ್ರತಿ ಮಾಡಿಟ್ಟುಕೊಂಡಿರಬೇಕು. ಖಾತೆ ಮುಚ್ಚಿದ ಮೇಲೆ ಇವಕ್ಕಾಗಿ ಅದೇ ಕಂಪನಿಯನ್ನೇ ಕೇಳಬೇಕಾಗುತ್ತದೆ.